ಕ್ಷೌರವೋ, ಮುಂಡನವೋ: ವಿಡಿಯೋಕಾನ್ ಸಾಲದ ಲೆಕ್ಕ

2021ರ ಜೂನ್ 8ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂಬೈ ಪೀಠ ವಿಡಿಯೋಕಾನ್ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿತು. ಕಂಪನಿ ಕಾನೂನಿನ ಆದೇಶಗಳು ಸಾಮಾನ್ಯವಾಗಿ ಓದಿಸಿಕೊಂಡು ಹೋಗುವ ಬರಹಗಳಲ್ಲ. ಕಲಮು, ಉಪಕಲಮು, ಅಂಕಿ, ಮತ್ತೆ ಕಲಮು. ಈ ಆದೇಶದಲ್ಲಿ ಮಾತ್ರ ಒಂದು ಕಡೆ ನ್ಯಾಯಮಂಡಳಿಗೆ ತಾಳ್ಮೆ ತಪ್ಪಿದ್ದು ಕಾಣುತ್ತದೆ. ಕಂಪನಿಗೆ ಸರಕು, ಸೇವೆ ಒದಗಿಸಿದ್ದವರ ಬಾಕಿಯಲ್ಲಿ ನೂರಕ್ಕೆ 99.28ರಷ್ಟು ಕತ್ತರಿಸಲಾಗಿದೆ ಎಂದು ಬರೆದ ಮೇಲೆ, ಆವರಣದೊಳಗೆ ಒಂದು ಮಾತು ಸೇರಿಸಿದೆ: ಇದು ಹೇರ್‌ಕಟ್ಟೋ, ಮುಂಡನವೋ, ಪೂರ್ತಿ ಬೋಳೋ?

ಇಷ್ಟು ಹೇಳಿದ ನ್ಯಾಯಮಂಡಳಿ ಅದೇ ಆದೇಶದಲ್ಲಿ ಆ ಯೋಜನೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಸಾಲ ಕೊಟ್ಟ ಬ್ಯಾಂಕುಗಳು ಅದಕ್ಕೂ ಮೊದಲೇ, 2020ರ ಡಿಸೆಂಬರಿನಲ್ಲಿ, ನೂರಕ್ಕೆ 95ರಷ್ಟು ಮತಗಳಿಂದ ಯೋಜನೆಯನ್ನು ಒಪ್ಪಿದ್ದವು. ತಲೆ ಬೋಳಿಸಿಕೊಳ್ಳಲು ತಾವಾಗಿಯೇ ಕುಳಿತವರು ಕಂಡುಕೊಂಡ ಲೆಕ್ಕವೇನು? ನ್ಯಾಯಮಂಡಳಿ ಗೊಣಗುತ್ತಲೇ ಸಹಿ ಹಾಕಿದ್ದು ಏಕೆ? ಈ ಎರಡಕ್ಕೆ ಉತ್ತರ ಹುಡುಕಿದರೆ ಹೇರ್‌ಕಟ್ ಎಂಬ ವ್ಯವಹಾರ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮೊದಲು ಪದದ ವಿಷಯ. ಹಣಕಾಸಿನ ಪೇಟೆಯಲ್ಲಿ ಹೇರ್‌ಕಟ್ ಎಂದರೆ ಒಂದು ಮುನ್ನೆಚ್ಚರಿಕೆಯ ಕ್ರಮವೂ ಹೌದು. ನೂರು ರೂಪಾಯಿಯ ಷೇರನ್ನು ಒತ್ತೆ ಇಟ್ಟುಕೊಂಡು ಎಪ್ಪತ್ತು ರೂಪಾಯಿ ಮಾತ್ರ ಸಾಲ ಕೊಟ್ಟರೆ, ಬೆಲೆ ಬಿದ್ದರೂ ಇರಲಿ ಎಂದು ಕತ್ತರಿಸಿ ಇಟ್ಟ ಮೂವತ್ತು ರೂಪಾಯಿಯೇ ಹೇರ್‌ಕಟ್. ಅದು ಸಾಲ ಕೊಡುವ ದಿನದ ಕತ್ತರಿ. ನಮ್ಮ ಕಥೆಯದು ಸಾಲ ಕೆಟ್ಟ ಮೇಲಿನ ಕತ್ತರಿ: ಬರಬೇಕಾದದ್ದರಲ್ಲಿ ಇಷ್ಟು ಬಿಟ್ಟೆವು, ಇಷ್ಟು ಕೊಟ್ಟರೆ ಸಾಕು ಎಂದು ಸಾಲಗಾರರೇ ಒಪ್ಪುವುದು. ಕೂದಲು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ ಎಂಬ ಸಮಾಧಾನ ಈ ಪದದೊಳಗೆ ಅಡಗಿದೆ. ಕನ್ನಡದಲ್ಲಿ 'ತಲೆ ಬೋಳಿಸು' ಎಂದರೆ ಬೇರೆಯೇ ಅರ್ಥ. ನ್ಯಾಯಮಂಡಳಿಯ ವ್ಯಂಗ್ಯ ನಮ್ಮ ಕಿವಿಗೆ ಬೇಗ ಮುಟ್ಟುವುದು ಅದರಿಂದಲೇ.

ವಿಡಿಯೋಕಾನ್ ಎಂಬ ಹೆಸರು ಒಂದು ತಲೆಮಾರಿಗೆ ಟಿ.ವಿ.ಯ ಹೆಸರು. ಎಂಬತ್ತರ ದಶಕದಲ್ಲಿ ಬಣ್ಣದ ಟಿ.ವಿ. ಮಧ್ಯಮ ವರ್ಗದ ಮನೆಗೆ ಬಂದಾಗ ಔರಂಗಾಬಾದಿನ ಧೂತ್ ಕುಟುಂಬದ ಈ ಕಂಪನಿಯೂ ಜೊತೆಗೇ ಬಂತು. ವಾಷಿಂಗ್ ಮಷಿನ್, ಫ್ರಿಜ್ ಆಮೇಲೆ ಬಂದವು. ಅಲ್ಲಿಗೇ ನಿಂತಿದ್ದರೆ ಈ ಲೇಖನಕ್ಕೆ ವಸ್ತುವಿರುತ್ತಿರಲಿಲ್ಲವೇನೋ. ಕಂಪನಿ ತೈಲಕ್ಕೆ ಕೈಹಾಕಿತು. ಆಂಧ್ರದ ಕರಾವಳಿಯಾಚೆಯ ರವ್ವಾ ತೈಲಕ್ಷೇತ್ರದಲ್ಲಿ 25 ಶೇಕಡಾ ಪಾಲು ಪಡೆಯಿತು, ದೂರದ ಬ್ರೆಜಿಲ್ಲಿನವರೆಗೂ ಹೋಯಿತು. ಡಿ.ಟಿ.ಎಚ್. ಸೇವೆ ತೆರೆಯಿತು. 2008ರಲ್ಲಿ ಮೊಬೈಲ್ ಸೇವೆಗೆ ಪರವಾನಗಿ ಪಡೆಯಿತು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು 122 ಟೆಲಿಕಾಂ ಪರವಾನಗಿಗಳನ್ನು ಒಂದೇ ಏಟಿಗೆ ರದ್ದು ಮಾಡಿದಾಗ ಅವುಗಳಲ್ಲಿ 21 ವಿಡಿಯೋಕಾನಿನವಾಗಿದ್ದವು. ಇತ್ತ ಟಿ.ವಿ. ಪೇಟೆಯನ್ನು ಕೊರಿಯಾದ ಕಂಪನಿಗಳು ಹಿಡಿದಿದ್ದವು. ಹಣ ತರುತ್ತಿದ್ದ ಹಳೆಯ ಕಸುಬು ಸೊರಗುತ್ತಿದ್ದಾಗಲೇ ಹಣ ಬೇಡುವ ಹೊಸ ಕಸುಬುಗಳು ಬೆಳೆಯುತ್ತಿದ್ದವು. ನಡುವಿನ ಅಂತರವನ್ನು ತುಂಬಿದ್ದು ಸಾಲ. ಗುಂಪಿನ ಕಂಪನಿಗಳು ಒಂದರ ಸಾಲಕ್ಕೆ ಇನ್ನೊಂದು ಹೊಣೆ ನಿಂತು ಸ್ಟೇಟ್ ಬ್ಯಾಂಕ್ ಮುಂದಾಳತ್ವದ ಬ್ಯಾಂಕುಗಳ ಕೂಟದಿಂದ ಹಣ ಎತ್ತಿದ್ದವು. ಹಗ್ಗದಿಂದ ಕಟ್ಟಿಕೊಂಡು ಬೆಟ್ಟ ಹತ್ತುವವರ ಹಾಗೆ, ಒಬ್ಬ ಜಾರಿದರೆ ಎಲ್ಲರೂ.

ಇಂಥ ಸಾಲ ಕೆಟ್ಟಾಗ ಹಿಂದೆ ಏನಾಗುತ್ತಿತ್ತು? ಹಳ್ಳಿಯಲ್ಲಿ 'ಪಾಪರ್ ಚೀಟಿ' ತೆಗೆದುಕೊಂಡವನ ಕಥೆಗಳು ನಮಗೆ ಗೊತ್ತು. ದೊಡ್ಡ ಕಂಪನಿಗಳು ಅಷ್ಟು ಸುಲಭವಾಗಿ ಪಾಪರ್ ಆಗುತ್ತಿರಲಿಲ್ಲ. 1985ರ ರೋಗಗ್ರಸ್ತ ಕಂಪನಿಗಳ ಕಾಯ್ದೆಯಡಿ ಬಿಐಎಫ್‌ಆರ್ ಎಂಬ ಮಂಡಳಿಯ ಮುಂದೆ ಕಂಪನಿ ಹೋಗಿ ನಿಂತರೆ ಸಾಲ ವಸೂಲಿಗೆ ತಡೆ ಸಿಗುತ್ತಿತ್ತು. ಚಿಕಿತ್ಸೆಗೆಂದು ಕೊಟ್ಟ ಆ ತಡೆ ಎಷ್ಟೋ ಕಂಪನಿಗಳ ಮಾಲೀಕರಿಗೆ ವರ್ಷಗಟ್ಟಲೆ ಆಶ್ರಯವಾಯಿತು. 2001ರಿಂದ ಬ್ಯಾಂಕುಗಳೇ ಕೂತು ಸಾಲವನ್ನು ಮರುಹೊಂದಿಸುವ ಸಿಡಿಆರ್ ಎಂಬ ಪದ್ಧತಿ ಬಂತು. ಅಲ್ಲಿ ಸಾಮಾನ್ಯವಾಗಿ ಬಡ್ಡಿ ಇಳಿಯುತ್ತಿತ್ತು, ಗಡುವು ಮುಂದಕ್ಕೆ ಹೋಗುತ್ತಿತ್ತು. ಅಸಲಿಗೆ ಕತ್ತರಿ ಬೀಳುವುದು ಅಪರೂಪ. ಸಾರ್ವಜನಿಕ ಬ್ಯಾಂಕಿನ ಅಧಿಕಾರಿಯ ದೃಷ್ಟಿಯಿಂದ ನೋಡಿದರೆ ಇದು ಸಹಜ. ಗಡುವು ವಿಸ್ತರಿಸಿದವನನ್ನು ಯಾರೂ ಕೇಳುವುದಿಲ್ಲ. ನೂರು ಕೋಟಿಯ ಸಾಲವನ್ನು ನಲವತ್ತಕ್ಕೆ ಮುಗಿಸಿದವನನ್ನು ನಿವೃತ್ತಿಯ ನಂತರವೂ ವಿಚಾರಣೆಗೆ ಕರೆಯಬಹುದು. ಹಾಗಾಗಿ ನಷ್ಟ ಆಗುತ್ತಿತ್ತು, ನಷ್ಟ ಎಂದು ಬರೆಯುವುದು ಮಾತ್ರ ಮುಂದಕ್ಕೆ ಹೋಗುತ್ತಿತ್ತು.

2016ರ ದಿವಾಳಿ ಸಂಹಿತೆ ಬದಲಿಸಿದ್ದು ಈ ಮುಂದೂಡಿಕೆಯನ್ನು. ಕಂಪನಿ ಈ ಪ್ರಕ್ರಿಯೆಗೆ ಒಳಪಟ್ಟ ದಿನ ಆಡಳಿತ ಮಂಡಳಿ ಅಧಿಕಾರ ಕಳೆದುಕೊಳ್ಳುತ್ತದೆ, ಪರಿಹಾರ ವೃತ್ತಿಪರ ಎಂಬಾತ ಬೀಗದ ಕೈ ತೆಗೆದುಕೊಳ್ಳುತ್ತಾನೆ. ಬಾಕಿ ಇರುವವರೆಲ್ಲ ತಮ್ಮ ಹಕ್ಕಿನ ಮೊತ್ತವನ್ನು ದಾಖಲೆ ಸಮೇತ ಸಲ್ಲಿಸುತ್ತಾರೆ. ಹಣ ಸಾಲ ಕೊಟ್ಟವರ, ಅಂದರೆ ಬ್ಯಾಂಕು ಮುಂತಾದವರ, ಒಂದು ಸಾಲದಾತರ ಸಮಿತಿ ಆಗುತ್ತದೆ. ಕೊಳ್ಳಲು ಬಂದವರು ಪರಿಹಾರ ಯೋಜನೆ ಸಲ್ಲಿಸುತ್ತಾರೆ. ಸಮಿತಿಯಲ್ಲಿ ಸಾಲದ ಪ್ರಮಾಣಕ್ಕೆ ತಕ್ಕ ಮತ. ನೂರಕ್ಕೆ 66 ಮತ ಬಿದ್ದ ಯೋಜನೆ ನ್ಯಾಯಮಂಡಳಿಗೆ ಹೋಗುತ್ತದೆ. ಎಲ್ಲಕ್ಕೂ ಸೇರಿ ಗಡುವು 330 ದಿನ. ಯೋಜನೆ ಒಪ್ಪಿಗೆಯಾಗದಿದ್ದರೆ ಕಂಪನಿಯನ್ನು ಮುಚ್ಚಿ, ಇದ್ದಬದ್ದದ್ದನ್ನು ಮಾರಿ, ಕಾನೂನು ಹೇಳಿದ ಸರದಿಯಲ್ಲಿ ಹಂಚುವುದು.

ಈ ಕೊನೆಯ ವಾಕ್ಯದಲ್ಲೇ ಹೇರ್‌ಕಟ್ಟಿನ ಬೀಜವಿದೆ. ಸಮಿತಿಯಲ್ಲಿ ಕುಳಿತವರು 'ನಮಗೆ ಎಷ್ಟು ಬರಬೇಕು' ಎಂದು ನೋಡಿ ಮತ ಹಾಕುವುದಿಲ್ಲ. 'ಮುಚ್ಚಿ ಮಾರಿದರೆ ಎಷ್ಟು ಬಂದೀತು' ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಹಾಕುತ್ತಾರೆ. ಆದ್ದರಿಂದ ಇಬ್ಬರು ಮೌಲ್ಯಮಾಪಕರು ಪ್ರತ್ಯೇಕವಾಗಿ ಎರಡು ಬೆಲೆ ಕಟ್ಟುತ್ತಾರೆ. ಕೊಳ್ಳುವವನಿಗೂ ಮಾರುವವನಿಗೂ ಅವಸರವಿಲ್ಲದಿದ್ದರೆ ಎಷ್ಟು ಸಿಗಬಹುದು ಎಂಬುದು ನ್ಯಾಯಯುತ ಬೆಲೆ. ಕಂಪನಿ ಅಂದೇ ಬಾಗಿಲು ಹಾಕಿ ಮಾರಿದರೆ ಎಷ್ಟು ಎಂಬುದು ಸಮಾಪನ ಬೆಲೆ. ಆಗಿನ ನಿಯಮದಂತೆ ಈ ಎರಡನ್ನೂ ಗುಟ್ಟಾಗಿ ಇಡಬೇಕಿತ್ತು. ಯೋಜನೆಗಳು ಬಂದ ಮೇಲಷ್ಟೇ ಸಮಿತಿಯ ಸದಸ್ಯರಿಗೆ, ಅದೂ ಗೋಪ್ಯತೆಯ ಮುಚ್ಚಳಿಕೆ ಬರೆಸಿಕೊಂಡು, ತಿಳಿಸುತ್ತಿದ್ದರು. ಹರಾಜಿಗೆ ಬಂದವನಿಗೆ ಮನೆಯವರು ಎಷ್ಟಕ್ಕೆ ಒಪ್ಪುತ್ತಾರೆಂದು ಮೊದಲೇ ಗೊತ್ತಾದರೆ ಅವನು ಅದರ ಮೇಲೆ ಒಂದು ರೂಪಾಯಿ ಇಟ್ಟು ಎದ್ದುಬಿಡುತ್ತಾನಲ್ಲ.

ವಿಡಿಯೋಕಾನ್ 2018ರ ಜೂನಿನಲ್ಲಿ ಈ ಪ್ರಕ್ರಿಯೆಯೊಳಗೆ ಬಂತು. ಮುಂದಿನ ವರ್ಷ ಆಗಸ್ಟಿನಲ್ಲಿ ಗುಂಪಿನ 13 ಕಂಪನಿಗಳ ಪ್ರಕರಣಗಳನ್ನು ನ್ಯಾಯಮಂಡಳಿ ಒಂದುಗೂಡಿಸಿತು. ಪರಸ್ಪರ ಹೊಣೆಯ ಗಂಟುಗಳನ್ನು ಬಿಡಿಬಿಡಿಯಾಗಿ ಬಿಚ್ಚುವುದು ಸಾಧ್ಯವೇ ಇರಲಿಲ್ಲ. ಸಲ್ಲಿಕೆಯಾದ ಹಕ್ಕುಗಳ ಮೊತ್ತ 71,433 ಕೋಟಿ ರೂಪಾಯಿ. ಪರಿಶೀಲನೆಯಲ್ಲಿ ನಿಂತದ್ದು 64,838 ಕೋಟಿ. ವೇದಾಂತ ಸಮೂಹದ ಟ್ವಿನ್ ಸ್ಟಾರ್ ಟೆಕ್ನಾಲಜೀಸ್ ಕೊಡಲು ಒಪ್ಪಿದ್ದು 2,962 ಕೋಟಿ. ಆದೇಶದಲ್ಲಿ ಇದನ್ನು 4.15 ಶೇಕಡಾ ಎಂದು ಲೆಕ್ಕ ಹಾಕಿ, ಹೇರ್‌ಕಟ್ 95.85 ಎಂದು ಹೇಳಿದೆ. ಪತ್ರಿಕೆಗಳಲ್ಲಿ ಮೆರೆದದ್ದು ಇದೇ ಅಂಕಿ. ಕೈಯಲ್ಲಿ ಪೆನ್ಸಿಲ್ ಇದ್ದರೆ ಗಮನಿಸಿ: ಇದು ಸಲ್ಲಿಕೆಯಾದ ಹಕ್ಕಿನ ಮೇಲಿನ ಲೆಕ್ಕ. ಒಪ್ಪಿದ ಹಕ್ಕಿನ ಮೇಲೆ ಮಾಡಿದರೆ ಸುಮಾರು 4.6 ಆಗುತ್ತದೆ. ವ್ಯತ್ಯಾಸ ಸಣ್ಣದು. ಆದರೆ ಹೇರ್‌ಕಟ್ ಎಂಬ ಶೇಕಡಾವಾರು ಯಾವ ಮೊತ್ತದ ಮೇಲೆ ನಿಂತಿದೆ ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಏಕೆಂದರೆ ಇನ್ನೊಂದು ಮೊತ್ತದ ಮೇಲಿಟ್ಟು ನೋಡಿದಾಗ ಚಿತ್ರವೇ ಬದಲಾಗುತ್ತದೆ. ವಿಡಿಯೋಕಾನಿನ ಆಸ್ತಿಗಳ ಸಮಾಪನ ಬೆಲೆ 2,568 ಕೋಟಿ. ನ್ಯಾಯಯುತ ಬೆಲೆ 4,070 ಕೋಟಿಯಷ್ಟು. ಅಂದರೆ, ತಜ್ಞರು ಉದಾರವಾಗಿ ಕಟ್ಟಿದ ಬೆಲೆಯೂ ಸಾಲದ ಹದಿನೈದನೇ ಒಂದು ಪಾಲನ್ನು ಮುಟ್ಟುತ್ತಿರಲಿಲ್ಲ. ಟ್ವಿನ್ ಸ್ಟಾರ್ ಬರುವ ಮೊದಲೇ ಅರುವತ್ತು ಸಾವಿರ ಕೋಟಿ ಹೋಗಿಯಾಗಿತ್ತು. ಕೆಲವಷ್ಟು ಟೆಲಿಕಾಂ ಸಾಹಸದಲ್ಲಿ, ಕೆಲವಷ್ಟು ತೈಲದಲ್ಲಿ, ಕೆಲವಷ್ಟು ಹಳೆಯ ಸಾಲ ತೀರಿಸಲು ಎತ್ತಿದ ಹೊಸ ಸಾಲದಲ್ಲಿ; ಇನ್ನು ಕೆಲವಷ್ಟು ಯಾರ ಕೈಗೂ ಬಾರದೆ ಕಾಗದದ ಮೇಲೆ ಬೆಳೆದ ಬಡ್ಡಿ. ಬ್ಯಾಂಕುಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಮೂರು ತಿಂಗಳು ಕಂತು ಬಾರದ ಸಾಲ ಅನುತ್ಪಾದಕ ಆಸ್ತಿ ಆಗುತ್ತದೆ, ಅಂದಿನಿಂದ ಬ್ಯಾಂಕು ತನ್ನ ಲಾಭದಿಂದ ತೆಗೆದು ಅದರ ನಷ್ಟಕ್ಕೆಂದು ಹಣ ಬದಿಗಿಡುತ್ತ ಹೋಗಬೇಕು. 2017ರಲ್ಲಿ ರಿಸರ್ವ್ ಬ್ಯಾಂಕು ತಾನೇ ದಿವಾಳಿ ಪ್ರಕ್ರಿಯೆಗೆ ಕಳಿಸಿದ ದೊಡ್ಡ ಸಾಲಗಳಿಗೆ ಈ ಮೊತ್ತವನ್ನು ಇನ್ನೂ ಏರಿಸಿತ್ತು. 2020ರ ಹೊತ್ತಿಗೆ ಬ್ಯಾಂಕುಗಳ ಲೆಕ್ಕಪುಸ್ತಕದಲ್ಲಿ ವಿಡಿಯೋಕಾನ್ ಸಾಲದ ನಷ್ಟ ಬಹುಪಾಲು ಬರೆದು ಮುಗಿದಿತ್ತು ಎಂದೇ ಹೇಳಬೇಕು. ಮತ ಹಾಕಲು ಕುಳಿತ ಅಧಿಕಾರಿಯ ಮುಂದಿದ್ದದ್ದು 64,838ರ ಎದುರು 2,962 ಅಲ್ಲ. 2,568ರ ಎದುರು 2,962. ಈ ಎರಡನೆಯ ಜೋಡಿಯಲ್ಲಿ 2,962 ಹದಿನೈದು ಶೇಕಡಾ ಹೆಚ್ಚು.

ಇನ್ನೊಂದು ಆಯ್ಕೆಯೂ ಅವರ ಮುಂದಿತ್ತು. ವೇಣುಗೋಪಾಲ್ ಧೂತ್ ಸುಮಾರು ಮೂವತ್ತು ಸಾವಿರ ಕೋಟಿಯನ್ನು ವರ್ಷಗಳ ಮೇಲೆ ಹರಡಿ ಕೊಡುವುದಾಗಿ, ಪ್ರಕರಣ ಹಿಂತೆಗೆದುಕೊಳ್ಳಿ ಎಂದು ಕೇಳಿದ್ದರು. ಹಿಂತೆಗೆತಕ್ಕೆ ಸಮಿತಿಯ ನೂರಕ್ಕೆ 90 ಮತ ಬೇಕು. ಬ್ಯಾಂಕುಗಳು ಒಪ್ಪಲಿಲ್ಲ. ಹತ್ತು ಪಟ್ಟು ದೊಡ್ಡ ಮಾತನ್ನು ಬಿಟ್ಟು ಸಣ್ಣದನ್ನು ಹಿಡಿದರಲ್ಲ ಎಂದು ಹೊರಗಿನವರಿಗೆ ಅನಿಸಿತು. ದೂರದ ಹಣದ ಬೆಲೆ ಹೇಗೆ ಕರಗುತ್ತದೆ ಎಂದು ನೋಡಬೇಕು: ವರ್ಷಕ್ಕೆ ಹತ್ತು ಶೇಕಡಾ ಬಡ್ಡಿಯ ಲೆಕ್ಕದಲ್ಲಿ, ಹತ್ತು ವರ್ಷದ ನಂತರ ಬರುವ ನೂರು ರೂಪಾಯಿ ಇಂದಿನ ಸುಮಾರು 39 ರೂಪಾಯಿ. ಹಾಗೆ ಕರಗಿಸಿದರೂ ಮೂವತ್ತು ಸಾವಿರ ಮೂರು ಸಾವಿರಕ್ಕೆ ಇಳಿಯುವುದಿಲ್ಲ, ನಿಜ. ಉಳಿದದ್ದನ್ನು ಕರಗಿಸಿದ್ದು ಅಪನಂಬಿಕೆ. ಕಂಪನಿಯಲ್ಲಿ ನಾಲ್ಕು ಸಾವಿರ ಕೋಟಿಯ ಆಸ್ತಿಯಿರುವಾಗ ಮೂವತ್ತು ಸಾವಿರ ಕೋಟಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅದು. ಇಂಥ ಮಾತನ್ನು ನಂಬಿ ಗಡುವು ಕೊಟ್ಟ ಹಳೆಯ ಅನುಭವ ಬ್ಯಾಂಕುಗಳಿಗೆ ಸಾಕಷ್ಟಿತ್ತು.

ಇಲ್ಲಿಯವರೆಗೆ ಬ್ಯಾಂಕಿನವರ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ 95.85 ಎಂಬುದು ಸರಾಸರಿ. ಸರಾಸರಿಯೊಳಗೆ ಯಾರ ಕೂದಲು ಎಷ್ಟು ಹೋಯಿತು ಎಂಬುದು ಕಾಣುವುದಿಲ್ಲ. ಯೋಜನೆಗೆ ಮತ ಕೊಟ್ಟ, ಭದ್ರತೆ ಇದ್ದ ಬ್ಯಾಂಕುಗಳಿಗೆ ನೂರಕ್ಕೆ 4.9 ರೂಪಾಯಿ. ಸರಕು ಒದಗಿಸಿದವರಿಗೆ 0.72. ಟಿ.ವಿ.ಗೆ ಪ್ಲಾಸ್ಟಿಕ್ ಚೌಕಟ್ಟು ಮಾಡಿಕೊಟ್ಟ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳಿ, ಬಾಕಿ ಹತ್ತು ಲಕ್ಷ ರೂಪಾಯಿ. ಅದರ ಕೈಗೆ ಬರುವುದು 7,200 ರೂಪಾಯಿ. ಬಾಕಿ ವಸೂಲಿಗೆ ಓಡಾಡಿದ ಬಸ್ಸಿನ ಖರ್ಚು, ವಕೀಲರ ಖರ್ಚು ಅದಕ್ಕಿಂತ ಹೆಚ್ಚಾಗಿರಬಹುದು. ಬ್ಯಾಂಕು ಬಡ್ಡಿ ಪಡೆದು ಸಾಲ ಕೊಟ್ಟಿತ್ತು, ಆಸ್ತಿ ಬರೆಸಿಕೊಂಡಿತ್ತು, ನಷ್ಟಕ್ಕೆ ಹಣ ತೆಗೆದಿಟ್ಟಿತ್ತು. ಈ ಕಾರ್ಖಾನೆ ಬಿಲ್ ಕಳಿಸಿ ಕಾದಿತ್ತು, ಅಷ್ಟೇ. ಮೇಲಾಗಿ ಸಾಲದಾತರ ಸಮಿತಿಯಲ್ಲಿ ಅದಕ್ಕೆ ಮತವೂ ಇಲ್ಲ.

ಕಾನೂನಿನ ಪ್ರಕಾರ ಇದು ತಪ್ಪೂ ಅಲ್ಲ. ಮುಚ್ಚಿ ಮಾರಿದಾಗ ಎಷ್ಟು ಸಿಗುತ್ತಿತ್ತೋ ಅಷ್ಟನ್ನಾದರೂ ಸರಕುದಾರರಿಗೆ ಕೊಡಬೇಕು ಎಂಬುದು ನಿಯಮ. ಸಮಾಪನದ ಸರದಿಯಲ್ಲಿ ಪ್ರಕ್ರಿಯೆಯ ಖರ್ಚು ಮೊದಲು, ಆಮೇಲೆ ಕಾರ್ಮಿಕರ ಎರಡು ವರ್ಷದ ಬಾಕಿ ಮತ್ತು ಭದ್ರತೆಯುಳ್ಳ ಸಾಲ, ಆಮೇಲೆ ಉಳಿದ ನೌಕರರು, ಆಮೇಲೆ ಭದ್ರತೆಯಿಲ್ಲದೆ ಹಣ ಕೊಟ್ಟವರು. ಸರಕುದಾರರ ಸರದಿ ಇದೆಲ್ಲದರ ಕೆಳಗೆ. 2,568 ಕೋಟಿಯ ಪಾತ್ರೆ ಎರಡನೇ ಪಂಕ್ತಿಯಲ್ಲೇ ಬರಿದಾಗುತ್ತದೆ. ಸರಕುದಾರರ ಪಾಲಿಗೆ ಅಲ್ಲಿ ಸೊನ್ನೆ. ಸೊನ್ನೆಗಿಂತ 0.72 ಹೆಚ್ಚು, ನಿಯಮ ಪಾಲನೆಯಾಯಿತು.

ನ್ಯಾಯಮಂಡಳಿಯ ಕೈ ಕಟ್ಟಿದ್ದು ಇದಕ್ಕೂ ಹಿಂದಿನ ಒಂದು ತೀರ್ಪು. ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ ಆರ್ಸೆಲರ್ ಮಿತ್ತಲ್ ಕೊಟ್ಟ 42,000 ಕೋಟಿಯನ್ನು ಹೇಗೆ ಹಂಚುವುದೆಂಬ ಜಗಳವೆದ್ದಿತ್ತು. 2019ರ ಜುಲೈನಲ್ಲಿ ಮೇಲ್ಮನವಿ ನ್ಯಾಯಮಂಡಳಿ, ಬ್ಯಾಂಕಿರಲಿ ಸರಕುದಾರರಿರಲಿ ಎಲ್ಲರಿಗೂ ಸುಮಾರು 60 ಶೇಕಡಾ ಸಮನಾಗಿ ಹಂಚಿ ಎಂದಿತು. ಒಂದೇ ತಟ್ಟೆ, ಒಂದೇ ಅಳತೆ. ಕೇಳಲು ನ್ಯಾಯವೆನಿಸುವ ಈ ಮಾತನ್ನು ಅದೇ ವರ್ಷ ನವೆಂಬರ್ 15ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆಸ್ತಿ ಬರೆಸಿಕೊಂಡು ಸಾಲ ಕೊಟ್ಟವರಿಗೂ ಬರಿ ನಂಬಿಕೆಯ ಮೇಲೆ ಕೊಟ್ಟವರಿಗೂ ಒಂದೇ ಪಾಲೆಂದರೆ, ಭದ್ರತೆ ಎಂಬ ಮಾತಿಗೇ ಅರ್ಥವಿರುವುದಿಲ್ಲ ಎಂಬುದು ಅದರ ತರ್ಕ. ಎಷ್ಟು ಬಿಡಬೇಕು, ಯಾರಿಗೆಷ್ಟು ಹಂಚಬೇಕು ಎನ್ನುವುದು ಸಮಿತಿಯ ವ್ಯಾಪಾರ ವಿವೇಕಕ್ಕೆ ಬಿಟ್ಟದ್ದು. ನಿಯಮ ಪಾಲನೆಯಾಗಿದೆಯೇ ಎಂದಷ್ಟೇ ನ್ಯಾಯಮಂಡಳಿ ನೋಡಬೇಕು ಎಂದಿತು. ತೀರ್ಪಿನ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ಆ ತರ್ಕ ಎಸ್ಸಾರಿನಂಥ ಕಡೆ, ಪಾತ್ರೆಯಲ್ಲಿ ಏನಾದರೂ ಇದ್ದಾಗ, ಹೊಂದುವಷ್ಟು ಚೆನ್ನಾಗಿ ವಿಡಿಯೋಕಾನಿನ ಬರಿದಾದ ಪಾತ್ರೆಗೆ ಹೊಂದುವುದಿಲ್ಲ. ಹಾಗಾಗಿ ಮುಂಬೈ ಪೀಠ ತನಗೆ ಉಳಿದಿದ್ದ ಎರಡು ಕೆಲಸ ಮಾಡಿತು: ವ್ಯಂಗ್ಯವಾಡಿತು, ಮತ್ತು ಸಣ್ಣ ಕೈಗಾರಿಕೆಗಳಿಗೆ ಇನ್ನಷ್ಟು ಕೊಡುವ ಬಗ್ಗೆ ಯೋಚಿಸಿ ಎಂದು ಸಮಿತಿಗೂ ಕೊಳ್ಳುವವರಿಗೂ ಸಲಹೆ ಕೊಟ್ಟಿತು.

ಮೂರನೆಯದೊಂದನ್ನೂ ಮಾಡಿತು. ನನಗೆ ಆದೇಶದ ಅತ್ಯಂತ ಬೆಲೆಬಾಳುವ ಭಾಗ ಅದೇ ಅನಿಸುತ್ತದೆ. 2,568ಕ್ಕೂ 2,962ಕ್ಕೂ ಇರುವ ಅಂತರ ಅದರ ಕಣ್ಣಿಗೆ ಬಿತ್ತು. ಗುಟ್ಟಾಗಿರಬೇಕಾದ ಬೆಲೆಯ ಇಷ್ಟು ಹತ್ತಿರಕ್ಕೆ ಹೊರಗಿನವರ ಬೆಲೆ ಬಂದು ನಿಂತದ್ದು ಅಚ್ಚರಿಯೆಂದು ಹೇಳಿ, ಗೋಪ್ಯತೆಯ ನಿಯಮ ಸರಿಯಾಗಿ ಪಾಲನೆಯಾಗಿದೆಯೇ ಎಂದು ಪರಿಶೀಲಿಸುವಂತೆ ದಿವಾಳಿತನ ಮಂಡಳಿಯನ್ನು ಕೇಳಿತು. ಸೋರಿಕೆಯಾಗಿದೆ ಎಂದು ಅದು ಹೇಳಲಿಲ್ಲ. ಅಂಥ ಸಾಕ್ಷ್ಯವೇನೂ ಮುಂದಿರಲಿಲ್ಲ. ರವ್ವಾದಲ್ಲಿ ವೇದಾಂತವೇ ನಿರ್ವಾಹಕ. ಪಕ್ಕದ ಹೊಲದವನಿಗೆ ಈ ಹೊಲದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೂ ವಾದಿಸಬಹುದು. ಆದರೆ ಪಕ್ಕದ ಹೊಲದವನಿಗೇ ಆ ಹೊಲದಿಂದ ಹೆಚ್ಚು ಲಾಭವೂ ಅಲ್ಲವೇ? ಹಾಗಿದ್ದರೆ ಅವನು ಸಮಾಪನ ಬೆಲೆಗಿಂತ ಬಹಳ ಮೇಲೆ ಹೋಗಬೇಕಿತ್ತು. ಈ ಸಂಹಿತೆಯಡಿ ಬಗೆಹರಿದ ಪ್ರಕರಣಗಳನ್ನೆಲ್ಲ ಒಟ್ಟು ಹಾಕಿದರೆ ಸಾಲದಾತರಿಗೆ ಬಂದಿರುವುದು ಹಕ್ಕಿನ ಮೂರನೇ ಒಂದು ಭಾಗದ ಆಸುಪಾಸು, ಸಮಾಪನ ಬೆಲೆಯ ಒಂದೂವರೆ ಪಟ್ಟಿಗೂ ಹೆಚ್ಚು. ವಿಡಿಯೋಕಾನ್ ಎರಡು ಅಳತೆಯಲ್ಲೂ ಹಿಂದೆ ಬಿದ್ದಿತ್ತು. ಮೊದಲನೆಯದಕ್ಕೆ ಹಳೆಯ ಸಾಲ ಕಾರಣವೆನ್ನಬಹುದು. ಎರಡನೆಯದಕ್ಕೆ ಪೈಪೋಟಿಯ ಕೊರತೆಯನ್ನೇ ಹೇಳಬೇಕು. ಒಂದು ಹೇರ್‌ಕಟ್ ಅನಿವಾರ್ಯವಾಗಿತ್ತೋ ಅಗ್ಗದ ಮಾರಾಟವಾಗಿತ್ತೋ ಎಂದು ತಿಳಿಯಲು ನೋಡಬೇಕಾದದ್ದು ಈ ಎರಡನೆಯ ಅಂಕಿಯನ್ನು.

2,962 ಕೋಟಿಯೂ ಪೂರ್ತಿ ನಗದಾಗಿರಲಿಲ್ಲ. ಕೈಗೆ ಬರುವ ನಗದು ಅದರಲ್ಲಿ ಚೂರು. ಉಳಿದದ್ದು ಮುಂದಿನ ವರ್ಷಗಳಲ್ಲಿ ತೀರಿಸುವ ಡಿಬೆಂಚರ್ ಕಾಗದ, ಎಂದರೆ ಹಳೆಯ ಸಾಲಕ್ಕೆ ಬದಲಾಗಿ ಇನ್ನೊಂದು ಸಾಲಪತ್ರ. ಯೋಜನೆಯನ್ನು ವಿರೋಧಿಸಿದ್ದ ಬ್ಯಾಂಕ್ ಆಫ್ ಮಹಾರಾಷ್ಟ್ರ, ಐಎಫ್‌ಸಿಐ ಮುಂತಾದವು ಮೇಲ್ಮನವಿಗೆ ಹೋದದ್ದು ಈ ಜಾಗದಿಂದ. ಒಪ್ಪದವರಿಗೆ ಸಮಾಪನದಲ್ಲಿ ಸಿಗುತ್ತಿದ್ದಷ್ಟನ್ನಾದರೂ ಕೊಡಬೇಕೆಂದು ಕಾನೂನು ಹೇಳುತ್ತದೆ. ಸಮಾಪನದಲ್ಲಿ ಸಿಗುವುದು ಹಣ, ಕಾಗದವಲ್ಲ ಎಂಬುದು ಅವರ ವಾದ. 2021ರ ಜುಲೈನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಯೋಜನೆಗೆ ತಡೆ ಕೊಟ್ಟಿತು. ಅಲ್ಲಿಂದ ಮುಂದೆ ನಡೆದದ್ದು ವಿಚಿತ್ರ. 95 ಶೇಕಡಾ ಮತ ಕೊಟ್ಟಿದ್ದ ಸಾಲದಾತರ ಸಮಿತಿಯೇ, ಯೋಜನೆಯನ್ನು ಮತ್ತೊಮ್ಮೆ ನೋಡಲು ತಮಗೆ ಹಿಂತಿರುಗಿಸಿ ಎಂದು ಕೇಳಿತು. ಮುಂಡನದ ಮಾತು ದೇಶದ ತುಂಬ ಹಬ್ಬಿದ ಮೇಲೆ ಕನ್ನಡಿ ನೋಡಿಕೊಂಡಂತೆ.

2022ರ ಜನವರಿ 5ರಂದು ಮೇಲ್ಮನವಿ ನ್ಯಾಯಮಂಡಳಿ ಒಪ್ಪಿಗೆಯನ್ನು ರದ್ದು ಮಾಡಿ, ಪ್ರಕ್ರಿಯೆಯನ್ನು ಸಮಿತಿಯ ಮುಂದಕ್ಕೆ ಮರಳಿ ಕಳಿಸಿತು. ಟ್ವಿನ್ ಸ್ಟಾರ್ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಕರಣ ಶುರುವಾಗಿ ಅಂದಿಗೆ ಸುಮಾರು 1,300 ದಿನ ಕಳೆದಿತ್ತು, ಕಾನೂನಿನ 330 ದಿನದ ಗಡುವಿನ ನಾಲ್ಕು ಪಟ್ಟಿನಷ್ಟು. ಪ್ಲಾಸ್ಟಿಕ್ ಚೌಕಟ್ಟಿನ ಆ ಕಾರ್ಖಾನೆಗೆ 7,200 ರೂಪಾಯಿಯೂ ಬಂದಿರಲಿಲ್ಲ.